‘ಲಗತ್ತಿಸಿದೆ’ ಎಂದರೆ ಸಾಲದು

“ಸ್ಥಳದ ಫೋಟೋ, ಕೈನಕ್ಷೆ ಹಾಗೂ ಅಳತೆಗಳನ್ನು ಇದರೊಂದಿಗೆ ಲಗತ್ತಿಸಿದೆ.” ತಪಾಸಣಾ ವರದಿಗಳ ಕೊನೆಯಲ್ಲಿ ಈ ಸಾಲನ್ನು ಓದಿ ಓದಿ ಸಾಕಾಗಿದೆ. ಒಳಗಿನ ಯಾವ ವಾಕ್ಯವೂ ಯಾವ ಫೋಟೋದತ್ತಲೂ ಬೊಟ್ಟು ಮಾಡಿರುವುದಿಲ್ಲ. ಹನ್ನೆರಡು ಫೋಟೋಗಳಲ್ಲಿ ಯಾವುದು ಯಾವ ಮಾತಿಗೆ ಸಾಕ್ಷಿ ಎಂದು ಓದುವವರೇ ಹುಡುಕಿಕೊಳ್ಳಬೇಕು.

ಲಗತ್ತು ‘ಲಗ್’ ಧಾತುವಿನ ಬಳಗದ ಪದ. ಅಂಟಿಕೊಳ್ಳು, ತಾಗಿಕೊಳ್ಳು ಎಂಬುದು ಅದರ ಅರ್ಥ. ವರದಿಯಲ್ಲಿ ಲಗತ್ತು ಅಂಟಿಕೊಳ್ಳಬೇಕಾದದ್ದು ಒಂದು ನಿರ್ದಿಷ್ಟ ಹೇಳಿಕೆಗೆ.

ಗೋಡೆಯ ಬಿರುಕಿನ ವರದಿಯನ್ನೇ ತೆಗೆದುಕೊಳ್ಳಿ. “ಬಿರುಕು ದೊಡ್ಡದಾಗಿದೆ, ಲಗತ್ತು ನೋಡಿ” ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಬರೆಯಬೇಕು: “ಪಶ್ಚಿಮ ಗೋಡೆಯ ಕಿಟಕಿಯ ಕೆಳಗೆ, ಉತ್ತರದ ಮೂಲೆಯಿಂದ ನೆಲದತ್ತ ಓರೆಯಾಗಿ ಇಳಿದ ಬಿರುಕು ಇದೆ (ಲಗತ್ತು 1, ಫೋಟೋ 3). ‘ಬಿ’ ಬಿಂದುವಿನಲ್ಲಿ (ಲಗತ್ತು 2, ಕೈನಕ್ಷೆ) ಅದರ ಅಗಲ 1.8 ಮಿ.ಮೀ. (ಲಗತ್ತು 3, ಸಾಲು 2).” ‘ಬಲ ಮೂಲೆ’ ಎನ್ನಬೇಡಿ; ಒಳಗೆ ನಿಂತವರ ಬಲ ಹೊರಗೆ ನಿಂತವರಿಗೆ ಎಡ.

ಮೂರು ಲಗತ್ತುಗಳೂ ಬೇರೆ ಬೇರೆ ಕೆಲಸ ಮಾಡುತ್ತಿರುವುದನ್ನು ಗಮನಿಸಿ. ಬಿರುಕು ಇದೆ, ಅದರ ಆಕಾರ ಹೀಗಿದೆ ಎನ್ನಲು ಫೋಟೋ ಸಾಕು. ಪಕ್ಕದಲ್ಲಿ ಸ್ಕೇಲ್ ಇಡದೆ ತೆಗೆದ ಫೋಟೋದಿಂದ ಅಗಲ ಮಾತ್ರ ತಿಳಿಯದು. ಅದಕ್ಕೆ ಅಳತೆಯ ಪಟ್ಟಿಯನ್ನೇ ಉಲ್ಲೇಖಿಸಬೇಕು. ಎಲ್ಲಿ ಅಳೆದದ್ದು ಎಂಬುದಕ್ಕೆ ಕೈನಕ್ಷೆ. ಅದನ್ನು ಅಳತೆಗೆ ಸರಿಯಾಗಿ ಬರೆಯದಿದ್ದರೆ ‘ಪ್ರಮಾಣಬದ್ಧವಲ್ಲ’ ಎಂದು ನಮೂದಿಸಿ, ಇಲ್ಲವಾದರೆ ಯಾರಾದರೂ ಅದರ ಮೇಲೇ ಸ್ಕೇಲ್ ಇಟ್ಟು ಅಳೆಯುತ್ತಾರೆ. ಇನ್ನು ‘ಬಿ’ ಎಂಬ ಗುರುತು ನಕ್ಷೆ, ಪಟ್ಟಿ, ಫೋಟೋದ ಅಡಿಬರಹ ಮೂರರಲ್ಲೂ ಒಂದೇ ಆಗಿರಬೇಕು. ಒಂದರಲ್ಲಿ ‘ಬಿ’, ಇನ್ನೊಂದರಲ್ಲಿ ‘ಬಿಂದು 2’ ಎಂದಾದರೆ ಕೊಂಡಿ ಅಲ್ಲೇ ಕಳಚಿತು.

ಅಗಲವನ್ನು ವಾಕ್ಯದಲ್ಲೇ ಹೇಳಿದ್ದೂ ಬೇಕೆಂದೇ. ಪಟ್ಟಿ ತೆರೆಯದವರಿಗೂ ಸಂಗತಿ ತಿಳಿಯಬೇಕು. ಹಾಗೆ ಎರಡು ಕಡೆ ಬರೆದಾಗ ಒಂದೆಡೆ 1.8, ಇನ್ನೊಂದೆಡೆ 18 ಆಗುವ ಅಪಾಯವಿದೆ. ತಾಳೆ ನೋಡದೆ ಸಹಿ ಹಾಕಬಾರದು.

‘ಮೇಲಿನ ಚಿತ್ರದಲ್ಲಿ’ ಎಂಬ ಬಳಕೆಯನ್ನಂತೂ ಬಿಟ್ಟೇಬಿಡಿ. ಪುಟ ಜೋಡಿಸುವಾಗ ಚಿತ್ರ ಕೆಳಗೋ ಮುಂದಿನ ಪುಟಕ್ಕೋ ಹೋಗುತ್ತದೆ. ಸಂಖ್ಯೆಯಾದರೆ ಚಿತ್ರದ ಜೊತೆಗೇ ಹೋಗುತ್ತದೆ. ಆ ಸಂಖ್ಯೆಗಳೂ ವಾಕ್ಯಗಳಲ್ಲಿ ಮೊದಲು ಬರುವ ಕ್ರಮದಲ್ಲೇ ಇರಲಿ. ವರದಿ ಕಳಿಸಿದ ಮೇಲೆ ಹೊಸ ಫೋಟೋ ಸೇರಿಸಬೇಕಾದರೆ 3ಎ ಎನ್ನಿ. ಹಳೆಯ ಸಂಖ್ಯೆಗಳನ್ನು ಸರಿಸಿದರೆ ಮೊದಲ ಪ್ರತಿ ಓದಿದವರು ಫೋಟೋ 4 ಎಂದಾಗ ನೀವು ಬೇರೆಯದನ್ನು ನೋಡುತ್ತಿರುತ್ತೀರಿ.

ಪರಿಶೀಲನೆಯನ್ನು ಹಿಂದಿನಿಂದ ಮಾಡಿ: ಒಂದೊಂದೇ ಲಗತ್ತನ್ನು ಎತ್ತಿಕೊಂಡು, ಅದನ್ನು ಉಲ್ಲೇಖಿಸುವ ವಾಕ್ಯವನ್ನು ಹುಡುಕಿ. ವಾಕ್ಯ ಸಿಗದಿದ್ದರೆ ಬರೆಯಿರಿ, ಬರೆಯಲು ಏನೂ ಇಲ್ಲದಿದ್ದರೆ ಆ ಲಗತ್ತನ್ನು ತೆಗೆಯಿರಿ.