ಕೊಟ್ಟ ಪಾಯಿಂಟು, ಬಳಸಿದ ಪಾಯಿಂಟು: ಭಾಗಾಕಾರ ಎಲ್ಲಿ ತಪ್ಪುತ್ತದೆ

ಪಾಯಿಂಟ್ ಯೋಜನೆ ನಡೆಸುವ ಕಂಪನಿಗಳು ವರ್ಷದ ಕೊನೆಗೆ ತಂದಿಡುವ ಹಾಳೆಯಲ್ಲಿ ಸಾಮಾನ್ಯವಾಗಿ ಎರಡೇ ಸಾಲು ಇರುತ್ತವೆ. ಈ ವರ್ಷ ಗ್ರಾಹಕರಿಗೆ ಕೊಟ್ಟ ಪಾಯಿಂಟು 7,50,000, ಅವರು ಬಳಸಿದ್ದು 2,42,500. ಭಾಗಿಸಿದರೆ 32%. ಹಾಗಾದರೆ ನೂರರಲ್ಲಿ 68 ಪಾಯಿಂಟನ್ನು ಯಾರೂ ಬಳಸುವುದೇ ಇಲ್ಲ, ಅಷ್ಟು ಹೊಣೆಯನ್ನು ಪುಸ್ತಕದಿಂದ ಇಳಿಸಿಬಿಡೋಣ ಎಂಬ ಪ್ರಸ್ತಾವ ಹಿಂದೆಯೇ ಬರುತ್ತದೆ. ಎಷ್ಟು ಸಲ ತಿದ್ದಿದರೂ ಮರುವರ್ಷ ಇದೇ ಹಾಳೆ ಮತ್ತೆ ಬರುತ್ತದೆ. ಆದ್ದರಿಂದ ಇದೊಂದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಇದು ಹೊಣೆ ಯಾಕೆ ಎಂಬುದನ್ನು ಚುಟುಕಾಗಿ ಮುಗಿಸೋಣ. ಆದಾಯದ ಲೆಕ್ಕಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 15ರ ಪ್ರಕಾರ, ಖರೀದಿಯ ಜೊತೆಗೆ ಕೊಟ್ಟ ಪಾಯಿಂಟು ಗ್ರಾಹಕನಿಗೆ ಗಣನೀಯ ಹಕ್ಕನ್ನು ಕೊಡುವುದಾದರೆ, ಬಿಲ್ಲಿನ ಮೊತ್ತದ ಒಂದು ಪಾಲು ಆ ಹಕ್ಕಿಗೆ ಸೇರುತ್ತದೆ. ಬಿಲ್ಲು 1,000 ಇದೆ, ಅದಕ್ಕೆ 50 ಪಾಯಿಂಟು, ಪಾಯಿಂಟಿನ ಬೆಲೆ 1, ಬಳಕೆಯ ನಿರೀಕ್ಷೆ 70% ಎಂದುಕೊಳ್ಳಿ. ಪಾಯಿಂಟುಗಳ ಮೌಲ್ಯ 35 ಆಗುತ್ತದೆ. 1,000ವನ್ನು 1,000 ಮತ್ತು 35ರ ಅನುಪಾತದಲ್ಲಿ ಹಂಚಿದರೆ 966.18 ಇಂದಿನ ಆದಾಯ. ಉಳಿದ 33.82 ಪಾಯಿಂಟು ಬಳಕೆಯಾಗುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಹೊಣೆಯಾಗಿ ಕೂತಿರುತ್ತದೆ. ಆ 70% ಎಲ್ಲಿಂದ ಬಂತು ಎನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ.

ಈಗ ಆ ಎರಡು ಸಾಲಿನ ಹಾಳೆಯನ್ನು ಬಿಚ್ಚೋಣ. ಯೋಜನೆ ಶುರುವಾಗಿ ಒಂದು ವರ್ಷವಾಗಿದೆ, ಪಾಯಿಂಟಿನ ಆಯಸ್ಸು ನಾಲ್ಕು ತ್ರೈಮಾಸಿಕ. ವ್ಯಾಪಾರ ಬೆಳೆಯುತ್ತಿದೆ, ಹಾಗಾಗಿ ಕೊಟ್ಟ ಪಾಯಿಂಟು ಕ್ರಮವಾಗಿ 1,00,000, 1,50,000, 2,00,000, 3,00,000. ಗ್ರಾಹಕರ ನಡವಳಿಕೆ ಮಾತ್ರ ಬದಲಾಗಿಲ್ಲ. ಯಾವುದೇ ತಂಡದ ಪಾಯಿಂಟನ್ನು ತೆಗೆದುಕೊಂಡರೂ ಕೊಟ್ಟ ತ್ರೈಮಾಸಿಕದಲ್ಲೇ 10%, ಮುಂದಿನದರಲ್ಲಿ 20%, ಆಮೇಲೆ 25%, ಕೊನೆಯದರಲ್ಲಿ 15% ಬಳಕೆಯಾಗುತ್ತದೆ. ಒಟ್ಟು 70%. ಉಳಿದ 30% ಅವಧಿ ಮೀರಿ ಹೋಗುತ್ತದೆ. (ಇಲ್ಲಿ ತಂಡ ಎಂದರೆ ಒಂದೇ ಅವಧಿಯಲ್ಲಿ ಕೊಟ್ಟ ಪಾಯಿಂಟುಗಳು.)

ವರ್ಷದ ಕೊನೆಗೆ ಮೊದಲ ತಂಡ ತನ್ನ ಪೂರ್ತಿ ಆಯಸ್ಸು ಕಳೆದಿದೆ, 70,000 ಬಳಕೆಯಾಗಿದೆ. ಎರಡನೆಯದರಲ್ಲಿ 55%, ಅಂದರೆ 82,500. ಮೂರನೆಯದರಲ್ಲಿ 30%, 60,000. ನಾಲ್ಕನೆಯದು ಮೊನ್ನೆ ಮೊನ್ನೆ ಕೊಟ್ಟದ್ದು, ಅದರಲ್ಲಿ ಬರೀ 30,000. ಕೂಡಿದರೆ ಅದೇ 2,42,500. ಲೆಕ್ಕದಲ್ಲಿ ಕೂಡಿಸುವ ತಪ್ಪು ಎಲ್ಲೂ ಇಲ್ಲ. ಆದರೆ 32% ಎಂಬ ಸಂಖ್ಯೆ ಗ್ರಾಹಕರ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಪಾಯಿಂಟುಗಳಿಗೆ ಇನ್ನೂ ವಯಸ್ಸಾಗಿಲ್ಲ ಎಂದಷ್ಟೇ ಹೇಳುತ್ತಿದೆ. ವ್ಯಾಪಾರ ಜೋರಾಗಿ ಬೆಳೆದಷ್ಟೂ ಈ ದರ ಇನ್ನೂ ಕೆಳಗೆ ಹೋಗುತ್ತದೆ. ವ್ಯಾಪಾರ ನಿಂತುಹೋದರೆ ಇದೇ ದರ ಏರುತ್ತದೆ, ಆಗ ಗ್ರಾಹಕರು ಇದ್ದಕ್ಕಿದ್ದಂತೆ ಪಾಯಿಂಟಿನ ಮೇಲೆ ಮುಗಿಬಿದ್ದರು ಎಂದು ಗಾಬರಿಯಾಗುತ್ತದೆ.

ಇದಕ್ಕೆ ಮದ್ದು ತ್ರಿಕೋನದ ಪಟ್ಟಿ. ಪ್ರತಿ ಸಾಲಿಗೆ ಒಂದು ತಂಡ, ಪ್ರತಿ ಕಂಬಕ್ಕೆ ಅದರ ವಯಸ್ಸು. ಹೊಸ ತಂಡಗಳ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಅದರ ಖಾಲಿ ಮನೆಗಳನ್ನು ಅದೇ ವಯಸ್ಸಿನಲ್ಲಿ ಹಳೆಯ ತಂಡಗಳು ತೋರಿದ ದರದಿಂದ ತುಂಬಿಸಬೇಕು. ಪೂರ್ತಿಯಾದ ತಂಡ ಒಂದೇ ಇದ್ದರೆ, ನಮ್ಮ ಉದಾಹರಣೆಯ ಹಾಗೆ, ಆ ಅಂದಾಜಿನ ಮೇಲೆ ಹೆಚ್ಚು ಭಾರ ಹಾಕಬೇಡಿ. ಮುಗಿದ ತಂಡವೇ ಇಲ್ಲದ ಹೊಸ ಯೋಜನೆಯಲ್ಲಿ, ಬೇರೆ ಬಲವಾದ ಆಧಾರ ಇಲ್ಲದಿದ್ದರೆ, ಬಳಕೆಯಾಗದ ಪಾಲನ್ನು ಲೆಕ್ಕಕ್ಕೇ ತರದಿರುವುದು ಕ್ಷೇಮ.

ಇಲ್ಲಿಯವರೆಗೆ ಒಪ್ಪಿದವರೂ ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. ಬಳಕೆ 70% ಎಂದು ಗೊತ್ತಾಯಿತಲ್ಲ, ಮೊದಲ ತಂಡದಲ್ಲಿ ಅವಧಿ ಮೀರಿದ 30,000 ಬಿಟ್ಟು ಖಾತೆಗಳಲ್ಲಿ ಉಳಿದ 4,77,500ಕ್ಕೆ ಅದನ್ನೇ ಹಚ್ಚಿ 3,34,250 ಎಂದು ಬರೆದುಬಿಡುತ್ತಾರೆ. ಆದರೆ 70% ಎಂಬುದು ಕೊಟ್ಟ ಪಾಯಿಂಟಿನ ದರ, ಉಳಿದ ಪಾಯಿಂಟಿನದ್ದಲ್ಲ. ಬೇಗ ಬಳಸುವವರು ಬಳಸಿ ಆಗಿದೆ, ಉಳಿದದ್ದರಲ್ಲಿ ಮರೆತವರ ಪಾಲು ಹೆಚ್ಚು. ಎರಡನೇ ತಂಡದಲ್ಲಿ ಉಳಿದ 67,500ರಲ್ಲಿ ಇನ್ನು ಬಳಕೆಯಾಗುವುದು 22,500 ಮಾತ್ರ, ಮೂರರಲ್ಲಿ ಒಂದು ಪಾಲು. ಮೂರನೆಯದರಲ್ಲಿ 80,000, ನಾಲ್ಕನೆಯದರಲ್ಲಿ 1,80,000. ಒಟ್ಟು 2,82,500, ಅಂದರೆ ಉಳಿಕೆಯ 59%. ಮೊದಲ ಹಾಳೆಯ 32% ಹಚ್ಚಿದ್ದರೆ 1,52,800 ಬರುತ್ತಿತ್ತು, ನಿಜವಾದ ಹೊಣೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

'ನಮ್ಮ ಸದಸ್ಯರಲ್ಲಿ ಮುಕ್ಕಾಲು ಪಾಲು ಜನ ಪಾಯಿಂಟು ಮುಟ್ಟುವುದೇ ಇಲ್ಲ' ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಅದು ನಿಜವೇ ಇರಬಹುದು. ಒಂದೇ ಸಲ ಬಂದು ಹೋದವರ ಖಾತೆಯಲ್ಲಿ ಇಪ್ಪತ್ತು ಮೂವತ್ತು ಪಾಯಿಂಟು ಇರುತ್ತವೆ. ಬಹುಪಾಲು ಪಾಯಿಂಟು ಇರುವುದು ಪದೇ ಪದೇ ಬರುವವರ ಖಾತೆಯಲ್ಲಿ, ಅವರು ಒಂದನ್ನೂ ಬಿಡುವುದಿಲ್ಲ. ದಯವಿಟ್ಟು ಎಣಿಸಬೇಕಾದ್ದು ಪಾಯಿಂಟುಗಳನ್ನು, ತಲೆಗಳನ್ನಲ್ಲ.

ಇಷ್ಟೆಲ್ಲ ಮಾಡಲು ಪ್ರತಿ ಪಾಯಿಂಟಿನ ಹುಟ್ಟಿದ ದಿನ ಗೊತ್ತಿರಬೇಕು. ಅನೇಕ ಸಾಫ್ಟ್‌ವೇರ್‌ಗಳು ಬರೀ ಬ್ಯಾಲೆನ್ಸ್ ಇಟ್ಟುಕೊಳ್ಳುತ್ತವೆ. ಒಬ್ಬ ಗ್ರಾಹಕನಿಗೆ ಜನವರಿಯಲ್ಲಿ 300, ಏಪ್ರಿಲ್‌ನಲ್ಲಿ 200 ಪಾಯಿಂಟು ಬಂದು, ಮೇ ತಿಂಗಳಲ್ಲಿ ಆತ 350 ಬಳಸಿದ ಎನ್ನಿ. ಹಳೆಯದು ಮೊದಲು ಖರ್ಚಾಗುವ ನಿಯಮವಿದ್ದರೆ ಉಳಿದ 150 ಏಪ್ರಿಲ್‌ನದ್ದು. ಹೊಸದು ಮೊದಲು ಎಂದಿದ್ದರೆ ಅದೇ 150 ಜನವರಿಯದ್ದು, ಬೇಗ ಸಾಯುತ್ತದೆ. ಯಾವ ನಿಯಮವಿದೆ ಎಂಬುದನ್ನು ಷರತ್ತುಗಳ ಹಾಳೆಯಲ್ಲಿ ನೋಡಿದರೆ ಸಾಲದು, ಹತ್ತು ಖಾತೆ ತೆರೆದು ಸಾಫ್ಟ್‌ವೇರ್ ಏನು ಮಾಡುತ್ತಿದೆ ಎಂದು ನೋಡಬೇಕು. ಪ್ರತಿ ಖರೀದಿಯಿಂದ ಎಲ್ಲ ಪಾಯಿಂಟಿನ ಅವಧಿಯೂ ಮುಂದಕ್ಕೆ ಹೋಗುವ ಯೋಜನೆಯಾದರೆ ಹುಟ್ಟಿದ ದಿನ ಸಾಕಾಗುವುದಿಲ್ಲ. ಗ್ರಾಹಕ ಕೊನೆಯ ಸಲ ಬಂದ ದಿನದಿಂದ ವಯಸ್ಸು ಎಣಿಸಬೇಕು.

ಅವಧಿ ಮೀರಿದ ಪಾಯಿಂಟಿನ ಅಂಕಣದಲ್ಲೂ ಬೇರೆ ಬೇರೆ ವಸ್ತು ಬೆರೆತಿರುತ್ತದೆ. ಸರಕು ವಾಪಸ್ ಬಂದಾಗ ಹಿಂತೆಗೆದ ಪಾಯಿಂಟನ್ನು ಅಲ್ಲಿಗೇ ಹಾಕಿದರೆ ಅವಧಿ ಮೀರಿದ ಪ್ರಮಾಣ ಸುಳ್ಳಾಗಿ ಉಬ್ಬುತ್ತದೆ. ಅವಧಿ ಮೀರಿದ್ದನ್ನು ಮಾರ್ಕೆಟಿಂಗ್‌ನವರು ಹಬ್ಬಕ್ಕೆಂದು ಮತ್ತೆ ಜೀವ ಕೊಟ್ಟು ಖಾತೆಗೆ ಹಾಕಿದರೆ, ಸತ್ತ ತಂಡ ಎದ್ದು ಕೂತಂತೆ. ಹಾಗೆ ಒಂದೆರಡು ಸಲ ಆದ ಯೋಜನೆಯಲ್ಲಿ ಹಳೆಯ 30%ವನ್ನು ಹಾಗೇ ನಂಬುವುದು ಕಷ್ಟ. 'ನಿಮ್ಮ ಪಾಯಿಂಟು ಮುಗಿಯುತ್ತಿದೆ' ಎಂಬ ಸಂದೇಶ ಕಳಿಸಲು ಶುರುಮಾಡಿದ ತಿಂಗಳನ್ನೂ ಗುರುತು ಹಾಕಿಕೊಳ್ಳಿ. ಕೊನೆಯ ತ್ರೈಮಾಸಿಕದ 15% ಅಲ್ಲಿಂದ ಮೇಲೇರಬಹುದು, ಹಳೆಯ ತಂಡಗಳಲ್ಲಿ ಅದರ ಸುಳಿವೇ ಇರುವುದಿಲ್ಲ.

ಕ್ಯಾಶ್‌ಬ್ಯಾಕ್ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಗ್ರಾಹಕ ಅದನ್ನು ಬ್ಯಾಂಕ್ ಖಾತೆಗೆ ತೆಗೆದುಕೊಳ್ಳಬಹುದೇ? ಮುಂದಿನ ಬಿಲ್ಲಿನಲ್ಲಿ ಕಳೆಯಲು ಮಾತ್ರ ಬರುವುದಾದರೆ ಅದು ಪಾಯಿಂಟಿನ ಜಾತಿಯೇ. ನಗದಾಗಿ ತೆಗೆಯಬಹುದಾದರೆ ಬಹುತೇಕ ಅದು ಹಣಕಾಸಿನ ಹೊಣೆ. ತೀರುವವರೆಗೆ, ರದ್ದಾಗುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಅದನ್ನು ಪುಸ್ತಕದಿಂದ ತೆಗೆಯಲಾಗದು. 'ಜನ ಮರೆಯುತ್ತಾರೆ' ಎಂಬ ಅಂದಾಜಿಗೆ ಅಲ್ಲಿ ಜಾಗವಿಲ್ಲ. ಅವಧಿಯೇ ಇಲ್ಲದಿದ್ದರೆ ಅದು ವರ್ಷಗಟ್ಟಲೆ ಹಾಗೇ ಬೆಳೆಯುತ್ತದೆ. ಷರತ್ತುಗಳ ಒಂದು ಸಾಲು ಉತ್ತರವನ್ನು ಬದಲಿಸಬಹುದು, ಹಾಗಾಗಿ ಷರತ್ತು ಓದದೆ ವರ್ಗೀಕರಣ ಮಾಡಬೇಡಿ.

ಕೊನೆಗೆ ಆಡಿಟರ್ ಮುಂದೆ ಇಡುವ ಹಾಳೆಯಲ್ಲಿ ಅಂದಾಜು ತಪ್ಪಿದರೆ ಎಷ್ಟು ವ್ಯತ್ಯಾಸ ಎಂಬುದೂ ಇರಲಿ. ನಮ್ಮ ಉದಾಹರಣೆಯಲ್ಲಿ ಬಳಕೆ 70%ರ ಬದಲು 75% ಆದರೆ, ಇನ್ನೂ ಜೀವಂತ ಇರುವ ಮೂರು ತಂಡಗಳ 6,50,000ಕ್ಕೆ 5%, ಅಂದರೆ 32,500 ಪಾಯಿಂಟು ಹೆಚ್ಚು ಬಳಕೆಯಾಗುತ್ತದೆ. 2,82,500ರ ಮೇಲೆ ಅದು ಸುಮಾರು 11.5% ಏರಿಕೆ.