ಹಿಂಡಿಟ್ಟ ಎದೆಹಾಲು, ಕಲಸಿಟ್ಟ ಡಬ್ಬಿ ಹಾಲು: ಗಡಿಯಾರ ಯಾವಾಗಿಂದ ಓಡುತ್ತೆ?

ಮಗುವಿನ ಆರೋಗ್ಯದ ಪಾಠದಲ್ಲಿ ಈ ಭಾಗ ಬಂದಾಗ ನಾವೆಲ್ಲ ಅಂಕಿಗಳನ್ನು ಬಾಯಿಪಾಠ ಮಾಡ್ತೀವಿ. ಹೊರಗಿಟ್ಟ ಎದೆಹಾಲಿಗೆ 4 ಗಂಟೆ, ಡಬ್ಬಿ ಪುಡಿ ಕಲಸಿದ ಫಾರ್ಮುಲಾಗೆ 2 ಗಂಟೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮನೆ ಭೇಟಿಗೆ ಹೋದಾಗ ಅಜ್ಜಿಯರು ಕೇಳುವ ಪ್ರಶ್ನೆ ಬೇರೆ: "ಮಗು ಅರ್ಧ ಕುಡಿದು ಮಲಗಿಬಿಡ್ತು, ಉಳಿದಿದ್ದು ಎದ್ದ ಮೇಲೆ ಕೊಡಬಹುದಾ?" ಇದಕ್ಕೆ ಉತ್ತರ ಹೇಳೋಕೆ ಎಷ್ಟು ಗಂಟೆ ಅಂತ ಗೊತ್ತಿದ್ದರೆ ಸಾಲದು, ಆ ಗಂಟೆ ಯಾವಾಗ ಶುರುವಾಗುತ್ತೆ ಅಂತಲೂ ಗೊತ್ತಿರಬೇಕು. ಈ ಟಿಪ್ಪಣಿ ಅದರ ಬಗ್ಗೆ.

ಮೊದಲು, ಎರಡೂ ಹಾಲೇ ಆದರೂ ಲೆಕ್ಕ ಯಾಕೆ ಬೇರೆ? ಎದೆಹಾಲಲ್ಲಿ ಜೀವಂತ ಬಿಳಿ ರಕ್ತಕಣಗಳಿವೆ, ಲೈಸೋಜೈಮ್ ಇದೆ, ಲ್ಯಾಕ್ಟೋಫೆರಿನ್ ಇದೆ, ರೋಗನಿರೋಧಕ ಐಜಿಎ ಇದೆ. ಲ್ಯಾಕ್ಟೋಫೆರಿನ್ ಹಾಲಿನಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತೆ, ಬ್ಯಾಕ್ಟೀರಿಯಾಗಳಿಗೆ ಸಿಗೋಕೆ ಬಿಡಲ್ಲ. ಹಾಗಾಗಿ ಹಿಂಡಿದ ಮೇಲೂ ಕೆಲವು ಗಂಟೆ ಆ ಹಾಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತೆ. ಕಲಸಿದ ಫಾರ್ಮುಲಾಗೆ ಈ ಕಾವಲು ಇಲ್ಲ. ಜೊತೆಗೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಡಬ್ಬಿಯಲ್ಲಿರುವ ಪುಡಿ ಸಂಪೂರ್ಣ ಕ್ರಿಮಿರಹಿತ ಅಲ್ಲ. ಅದರಲ್ಲಿ ಅಪರೂಪಕ್ಕೆ ಕ್ರೋನೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ಒಣ ಪುಡಿಯಲ್ಲಿ ಅದು ಸುಮ್ನೆ ಬಿದ್ದಿರುತ್ತೆ. ನೀರು ಬಿದ್ದು, ಉಗುರುಬೆಚ್ಚಗಾಗಿ, ಹಾಗೇ ಇಟ್ಟರೆ ಬೆಳೆಯೋಕೆ ಶುರು. ಎರಡು ತಿಂಗಳೊಳಗಿನ ಮಕ್ಕಳಿಗೆ, ದಿನ ತುಂಬುವ ಮೊದಲೇ ಹುಟ್ಟಿದವರಿಗೆ ಇದರಿಂದ ರಕ್ತದಲ್ಲಿ ಸೋಂಕು, ಮಿದುಳು ಪೊರೆಯ ಉರಿಯೂತ ಆಗಬಹುದು.

ಈಗ ಒಂದು ಮನೆಯ ದಿನವನ್ನೇ ಲೆಕ್ಕ ಹಾಕೋಣ. ಊಹೆಯ ಮನೆ, ಆದರೆ ಬೆಂಗಳೂರಲ್ಲಿ ಇಂಥವು ಬೇಕಾದಷ್ಟಿವೆ. ಅಮ್ಮ ಆಫೀಸಿಗೆ ಹೋಗುತ್ತಾರೆ, ಅಜ್ಜಿ ಮಗು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ 8 ಗಂಟೆಗೆ ಅಮ್ಮ 120 ಮಿಲಿ ಹಾಲು ಹಿಂಡಿ, ಮುಚ್ಚಳವಿರುವ ಬಾಟಲಿಯಲ್ಲಿ ಅಡುಗೆಮನೆ ಕಟ್ಟೆ ಮೇಲಿಟ್ಟು ಹೊರಟರು. ಗಡಿಯಾರ 8ಕ್ಕೇ ಶುರು. 4 ಗಂಟೆ ಅಂದರೆ ಮಧ್ಯಾಹ್ನ 12. ಆದರೆ ಆ 4 ಗಂಟೆ 25 ಡಿಗ್ರಿ ಅಥವಾ ಅದಕ್ಕಿಂತ ತಂಪಾದ ಕೋಣೆಗೆ ಹೇಳಿದ್ದು. ಡಿಸೆಂಬರ್‌ನ ಬೆಂಗಳೂರಿಗೆ ಸರಿ. ಏಪ್ರಿಲ್‌ನಲ್ಲಿ, ಪಕ್ಕದಲ್ಲೇ ಒಲೆ ಉರಿಯುವ ಅಡುಗೆಮನೆಯಲ್ಲಿ 30 ದಾಟುತ್ತೆ. ಕೆಲವು ಕಡೆ 6ರಿಂದ 8 ಗಂಟೆ ಅಂತಲೂ ಓದಿರುತ್ತೀರಿ. ಅದು ಬಹಳ ಶುಚಿಯಾಗಿ ಹಿಂಡಿದ ಹಾಲಿಗೆ, ಕೋಣೆ ತಂಪಿದ್ದಾಗ. ಬೇಸಿಗೆಯ ಮನೆಗೆ ಅದನ್ನು ಹೇಳಬೇಡಿ. ಹಿಂಡಿದ ತಕ್ಷಣ ಫ್ರಿಜ್ಜಿನಲ್ಲಿಟ್ಟರೆ 4 ದಿನದವರೆಗೆ ಬರುತ್ತೆ. ಬಾಗಿಲಿನ ಅರೆಯಲ್ಲಿ ಬೇಡ, ಒಳಗೆ ಹಿಂಬದಿಗಿಡಬೇಕು. ಬಾಗಿಲು ತೆಗೆದಾಗಲೆಲ್ಲ ಅಲ್ಲಿಗೆ ಬಿಸಿಗಾಳಿ ತಾಗುತ್ತೆ.

10:30ಕ್ಕೆ ಅಜ್ಜಿ ಅದರಲ್ಲಿ 60 ಮಿಲಿ ಬೇರೆ ಬಾಟಲಿಗೆ ಬಗ್ಗಿಸಿ ಕೊಟ್ಟರು. ಮಗು 40 ಮಿಲಿ ಕುಡಿದು 10:50ಕ್ಕೆ ಮಲಗಿತು. ಉಳಿದ 20 ಮಿಲಿಗೆ ಈಗ ಮಗುವಿನ ಬಾಯಿಯ ಬ್ಯಾಕ್ಟೀರಿಯಾ ಸೇರಿದೆ. ಇಂಥ ಎಂಜಲು ಎದೆಹಾಲಿಗೆ ಕುಡಿದು ಮುಗಿಸಿದ ಮೇಲೆ 2 ಗಂಟೆ, ಅಂದರೆ 12:50. ಆದರೆ ಹಿಂಡಿದ ಲೆಕ್ಕದ ಗಡುವು 12ಕ್ಕೇ ಮುಗಿಯುತ್ತೆ, ಅಲ್ವಾ? ಎರಡು ಗಡಿಯಾರ ಒಟ್ಟಿಗೆ ಓಡುವಾಗ ಮೊದಲು ಮುಗಿಯುವುದನ್ನೇ ಹಿಡಿಯಿರಿ ಅನ್ನುವುದು ನನ್ನ ಅಭಿಪ್ರಾಯ. ಅಜ್ಜಿ ಪೂರ್ತಿ ಬಾಟಲಿಯನ್ನು ಬಾಯಿಗಿಡದೆ ಬೇರೆ ಬಗ್ಗಿಸಿಕೊಂಡಿದ್ದು ಒಳ್ಳೆಯದಾಯಿತು. ಮೊದಲ ಬಾಟಲಿಯ 60 ಮಿಲಿ ಎಂಜಲಾಗಿಲ್ಲ.

ಆ 60 ಮಿಲಿಯನ್ನು 11:30ಕ್ಕೆ ನೆನಪಾಗಿ ಫ್ರಿಜ್ಜಿಗೆ ಹಾಕಿದರೆ? ಇಲ್ಲೇ ಜಾಸ್ತಿ ಜನ ಎಡವುವುದು. ಫ್ರಿಜ್ಜು ಗಡಿಯಾರವನ್ನು ನಿಧಾನ ಮಾಡುತ್ತೆ, ಹಿಂದಕ್ಕೆ ತಿರುಗಿಸಲ್ಲ. ಮೂರೂವರೆ ಗಂಟೆ ಹೊರಗಿದ್ದ ಹಾಲಿಗೆ ಹೊಸದಾಗಿ 4 ದಿನ ಸಿಗಲ್ಲ. ಅದನ್ನು ಮುಂದಿನ ಸಲಕ್ಕೇ ಕೊಟ್ಟು ಮುಗಿಸಿ ಅಂತ ನಾನಾದರೆ ಹೇಳುತ್ತೇನೆ.

ಮಧ್ಯಾಹ್ನ 1 ಗಂಟೆಗೆ ಅಜ್ಜಿ 90 ಮಿಲಿ ಫಾರ್ಮುಲಾ ಕಲಸಿದರು. ಮಗು ಏಳಲಿಲ್ಲ. ಕಲಸಿದ ಹೊತ್ತಿನಿಂದ 2 ಗಂಟೆ, ಅಂದರೆ 3ರವರೆಗೆ. ಮಗು ಎದ್ದು 2:30ಕ್ಕೆ ಕುಡಿಯೋಕೆ ಶುರು ಮಾಡಿತು. ಫಾರ್ಮುಲಾಗೆ ಇನ್ನೊಂದು ನಿಯಮವಿದೆ: ಕುಡಿಯೋಕೆ ಶುರು ಮಾಡಿದ ಮೇಲೆ 1 ಗಂಟೆ. ಆ ಲೆಕ್ಕದಲ್ಲಿ 3:30 ಬರುತ್ತೆ, ಆದರೆ 3ಕ್ಕೇ ನಿಲ್ಲಿಸಬೇಕು, ಎರಡೂ ಗಡುವು ಒಟ್ಟಿಗೆ ಅನ್ವಯ. ಗಮನಿಸಿ: ಎದೆಹಾಲಿನ ಎಂಜಲು ಲೆಕ್ಕ ಕುಡಿದು ಮುಗಿದಾಗಿಂದ, ಫಾರ್ಮುಲಾದ್ದು ಶುರುವಾದಾಗಿಂದ. ಉಳಿದ ಫಾರ್ಮುಲಾವನ್ನು ಫ್ರಿಜ್ಜಿಗೆ ಹಾಕುವಂತಿಲ್ಲ, ಚೆಲ್ಲಬೇಕು. ಮಗು ಬಾಯಿ ಹಾಕದ ಫಾರ್ಮುಲಾವನ್ನು ಮಾತ್ರ ಕಲಸಿದ ತಕ್ಷಣ ತಣಿಸಿ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಬಹುದು. ಎದೆಹಾಲು, ಫಾರ್ಮುಲಾ ಎರಡನ್ನೂ ಒಂದೇ ಬಾಟಲಿಗೆ ಬೆರೆಸಿದರೆ ಫಾರ್ಮುಲಾದ ನಿಯಮವೇ.

"ಹಾಲು ಒಡೆದಿಲ್ಲ, ವಾಸನೆನೂ ಇಲ್ಲ, ಚೆನ್ನಾಗಿದೆ" ಅಂತ ಮನೆಯವರು ಹೇಳುತ್ತಾರೆ. ಹಸುವಿನ ಹಾಲಿನ ಅನುಭವ ಅದು. ಕ್ರೋನೋಬ್ಯಾಕ್ಟರ್ ಬೆಳೆದ ಫಾರ್ಮುಲಾ ನೋಡೋಕೆ ಹೊಸದರಂತೆಯೇ ಇರಬಹುದು. ಎದೆಹಾಲಲ್ಲಿ ಇದರ ಉಲ್ಟಾ ಗೊಂದಲ ಇದೆ. ಇಟ್ಟ ಹಾಲಲ್ಲಿ ಕೊಬ್ಬು ಮೇಲೆ ತೇಲಿ ಎರಡು ಪದರ ಆಗುತ್ತೆ, ಕೆಲವರ ಹಾಲಿಗೆ ಅದರಲ್ಲೇ ಇರುವ ಲೈಪೇಸ್ ಅನ್ನೋ ಕಿಣ್ವದಿಂದ ಸೋಪಿನಂಥ ವಾಸನೆ ಬರುತ್ತೆ. ಅದು ಕೆಟ್ಟಿಲ್ಲ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿದರೆ ಪದರ ಬೆರೆಯುತ್ತೆ. ಹೀಗಾಗಿ ಮೂಗಿಗಿಂತ ಬಾಟಲಿಗೆ ಅಂಟಿಸಿದ ಟೇಪಿನ ಮೇಲೆ ಬರೆದ ಹೊತ್ತನ್ನು ನಂಬಬೇಕು.

ರಾತ್ರಿಗೆ ಅಂತ ಫಾರ್ಮುಲಾ ಕಲಸಿ ಫ್ಲಾಸ್ಕಿನಲ್ಲಿ ತುಂಬಿಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಇದಕ್ಕಿಂತ ಕೆಟ್ಟ ದಾರಿ ಇಲ್ಲ, ಬೆಚ್ಚಗಿನ ಹಾಲು ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ, ಬ್ಯಾಕ್ಟೀರಿಯಾಗೆ ಬೇಕಾದ್ದೇ ಅದು. ಫ್ಲಾಸ್ಕಿನಲ್ಲಿ ಹಾಲಲ್ಲ, ಕುದಿಸಿದ ನೀರಿಡಿ. ಪುಡಿ ಒಣಗಿದ ಶುಚಿ ಡಬ್ಬಿಯಲ್ಲಿರಲಿ. ಮಗು ಎದ್ದಾಗ ಕಲಸಿ. ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಹೇಳಿದ್ದು, ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಅಂತ. ಪುಡಿಯಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಸಾಯೋಕೆ ಅಷ್ಟು ಬಿಸಿ ಬೇಕು. ಒಲೆಯಿಂದ ಇಳಿಸಿ ಹಾಗೇ ಬಿಟ್ಟ ನೀರಾದರೆ ಅರ್ಧ ಗಂಟೆಯೊಳಗೆ ಬಳಸಬೇಕು. ಕಲಸಿದ ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ತಣಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಕೊಡಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಬಾಯಿ ಸುಡುತ್ತೆ.

ಅವಧಿ ಮೀರಿದ ಹಾಲನ್ನು ಮಗು ಆಗಲೇ ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸೋಕೆ ಹೋಗಬಾರದು. ಬಹಳ ಸಲ ಏನೂ ಆಗಲ್ಲ. ಮುಂದಿನ ಕೆಲವು ದಿನ ಜ್ವರ, ಹಾಲು ಬೇಡ ಅನ್ನುವುದು, ಸುಸ್ತಾಗಿ ಮಲಗಿಯೇ ಇರುವುದು, ಸಮಾಧಾನವೇ ಆಗದ ಅಳು, ಪದೇ ಪದೇ ವಾಂತಿ, ಫಿಟ್ಸ್ ಇವುಗಳನ್ನು ಗಮನಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಕರೆದೊಯ್ದು, ಏನು ಹಾಲು, ಎಷ್ಟು ಹೊತ್ತು ಹೊರಗಿತ್ತು ಅಂತ ಡಾಕ್ಟರಿಗೆ ಹೇಳಬೇಕು.