ಬರೆಯುವುದುಂಟು, ಓದುವುದಿಲ್ಲ: ಕೂಡಿಸುವ ಅಲಿಫ್ ಬಂದ ದಾರಿ

ಬಿಸ್ಮಿಲ್ಲಾ ಎಂಬ ಮಾತನ್ನು ಬಿಡಿಸಿದರೆ ಮೂರು ತುಂಡು ಸಿಗುತ್ತವೆ: ಬಿ, ಇಸ್ಮಿ, ಅಲ್ಲಾಹಿ. ಕೂಡಿಸಿ ಓದುವಾಗ ಇಸ್ಮಿಯ ಇ ಇಲ್ಲ, ಅಲ್ಲಾಹಿಯ ಅ ಇಲ್ಲ. ನಮ್ಮೂರಿನ ನೂರುದ್ದೀನ್, ಅಬ್ದುಲ್ ಕರೀಂ ಎಂಬ ಹೆಸರುಗಳಲ್ಲೂ ಇದೇ ನಡೆದಿದೆ. ಅಬ್ದು, ಅಲ್‌ಕರೀಂ ಸೇರಿದಾಗ 'ಅಲ್'ನ ಅ ಬಿದ್ದುಹೋಗಿದೆ. ಕನ್ನಡದ ಲೋಪಸಂಧಿಯಲ್ಲಿ ಹಿಂದಿನ ಪದ ತನ್ನ ಸ್ವರ ಬಿಟ್ಟುಕೊಡುತ್ತದೆ: ಊರು, ಅಲ್ಲಿ ಸೇರಿ ಊರಲ್ಲಿ. ಅರಬಿಯಲ್ಲಿ ಇದು ತಿರುವುಮುರುವು. ಹಿಂದಿನ ಪದದ ಸ್ವರ ಉಳಿಯುತ್ತದೆ, ಮುಂದಿನದರ ಆರಂಭ ಹೋಗುತ್ತದೆ. ಹೀಗೆ ಹೋಗುವ ಸ್ವರವನ್ನು ಹೊರುವ ಮೊದಲ ಅಕ್ಷರ ಅಲಿಫ್‌ಗೆ ಹಮ್ಝತುಲ್ ವಸ್ಲ್, ಅಂದರೆ ಕೂಡಿಸುವ ಹಮ್ಝಾ ಎಂದು ಹೆಸರು. ಹಮ್ಝಾ ಎಂದರೆ ಗಂಟಲು ಹಿಡಿದು ಬಿಡುವ ದನಿ. ಹೋಗದೆ ಗಟ್ಟಿಯಾಗಿ ನಿಲ್ಲುವುದು ಹಮ್ಝತುಲ್ ಕತ್ಅ್, ಕತ್ತರಿಸುವ ಹಮ್ಝಾ.

ಇಂಥದ್ದೊಂದು ಅಲಿಫ್ ಬೇಕಾದದ್ದೇಕೆ? ಅರಬಿಯಲ್ಲಿ ಸ್ವರವಿಲ್ಲದ ವ್ಯಂಜನದಿಂದ ಮಾತು ಶುರುವಾಗುವಂತಿಲ್ಲ. ಹಳ್ಳಿಯ ಬಾಯಲ್ಲಿ ಸ್ಕೂಲು ಇಸ್ಕೂಲಾಗುತ್ತದಲ್ಲ, ಆ ಇ ಮಾಡುವ ಕೆಲಸವನ್ನೇ ಈ ಅಲಿಫ್ ಮಾಡುತ್ತದೆ. 'ಸ್ಮು' ಎಂದು ನಾಲಗೆ ಹೊರಡದು, ಆದ್ದರಿಂದ 'ಇಸ್ಮು'. ಹಿಂದೆ 'ಬಿ' ಬಂದು ಆಸರೆ ಕೊಟ್ಟೊಡನೆ ಆ ಊರುಗೋಲಿನ ಕೆಲಸ ಮುಗಿಯಿತು. 8ನೇ ಶತಮಾನದ ಬಸ್ರಾದ ವ್ಯಾಕರಣಕಾರ ಖಲೀಲ್ ಇಬ್ನ್ ಅಹ್ಮದ್ ಇದನ್ನು 'ನಾಲಗೆಯ ಏಣಿ' ಎಂದು ಕರೆದನೆಂಬ ಮಾತಿದೆ. ಹತ್ತಿದ ಮೇಲೆ ಏಣಿ ಬೇಕಿಲ್ಲ.

ಆದರೂ ಅದನ್ನು ಬರೆಯುತ್ತಲೇ ಬಂದರು. ಅರಬಿ ಬರಹದ ಹಳೆಯ ನಿಯಮ ಹೀಗಿದೆ: ಪ್ರತಿ ಪದವನ್ನೂ ಅಲ್ಲಿಂದಲೇ ಓದು ಶುರುವಾಗಿ ಅಲ್ಲಿಯೇ ನಿಲ್ಲುತ್ತದೆಂದು ಭಾವಿಸಿ ಬರೆಯಬೇಕು. ಒಂಟಿಯಾಗಿ ಓದಿದರೆ ಅಲಿಫ್ ಬೇಕೇ ಬೇಕು, ಹಾಗಾಗಿ ಅದು ಸಾಲಿನಲ್ಲಿ ಉಳಿಯಿತು. ಬಿಸ್ಮಿಲ್ಲಾದಲ್ಲಿ ಇಸ್ಮಿಯ ಅಲಿಫ್ ಬರಹದಿಂದಲೂ ಹೋಗಿರುವುದು ವಿಶೇಷ. ಅದೇ ಪದ ಕುರ್‌ಆನಿನ 96ನೇ ಅಧ್ಯಾಯದ ಮೊದಲ ವಚನ 'ಇಕ್ರಅ್ ಬಿಸ್ಮಿ ರಬ್ಬಿಕ'ದಲ್ಲಿ ಬಂದಾಗ ಅಲಿಫ್ ಇದೆ, ಓದು ಮಾತ್ರ ಒಂದೇ.

7ನೇ ಶತಮಾನದ ಕುರ್‌ಆನ್ ಪ್ರತಿಗಳಲ್ಲಿ ಸ್ವರಚಿಹ್ನೆಯೂ ಇರಲಿಲ್ಲ, ಹಮ್ಝಾದ ಗುರುತೂ ಇರಲಿಲ್ಲ. ನಿಲ್ಲುವ ಅಲಿಫ್, ಬೀಳುವ ಅಲಿಫ್ ಎರಡಕ್ಕೂ ಒಂದೇ ನೆಟ್ಟನೆಯ ಗೀಟು. ಗುರುವಿನ ಬಾಯಿಂದ ಕೇಳಿ ಕಲಿತವನಿಗೆ ಇದರಿಂದ ತೊಂದರೆಯಿಲ್ಲ. ಅರಬಿ ಮನೆಮಾತಲ್ಲದವರು ಓದತೊಡಗಿದಾಗ ತೊಡಕಾಯಿತು. 688ರಲ್ಲಿ ತೀರಿಕೊಂಡ ಅಬುಲ್ ಅಸ್ವದ್ ಅದ್ದುಅಲಿ ಬಣ್ಣದ ಚುಕ್ಕೆಗಳಿಂದ ಸ್ವರ ಗುರುತಿಸುವ ಪದ್ಧತಿ ತಂದನೆಂದು ಪರಂಪರೆ ಹೇಳುತ್ತದೆ: ಅಕ್ಷರದ ಮೇಲೆ ಚುಕ್ಕೆಯಿದ್ದರೆ ಅ, ಕೆಳಗಿದ್ದರೆ ಇ, ಮುಂದಿದ್ದರೆ ಉ. ಖಲೀಲನ ಹೆಸರಿನಲ್ಲಿರುವುದು ಇಂದಿನ ಚಿಹ್ನೆಗಳು. ಹಮ್ಝಾದ ಗುರುತು ಐನ್ ಅಕ್ಷರದ ತಲೆ. ಕೂಡಿಸುವ ಅಲಿಫ್‌ನ ನೆತ್ತಿಯ ಮೇಲೆ ಕೂರುವುದು ಸ್ವಾದ್ ಅಕ್ಷರದ ತಲೆ, 'ವಸ್ಲ್' ಎಂಬ ಪದದ ನಡುವಿನ ಅಕ್ಷರ. ಆಂದಲೂಸ್ ಎಂಬ ಹಳೆಯ ಮುಸ್ಲಿಂ ಸ್ಪೇನ್ ಮತ್ತು ಉತ್ತರ ಆಫ್ರಿಕಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ಹಸ್ತಪ್ರತಿಗಳಲ್ಲಿ ಈ ಅಲಿಫ್‌ಗೆ ಹಸಿರು ಚುಕ್ಕೆ. ಅದು ಮೇಲಿದೆಯೋ, ನಡುವೆಯೋ, ಕೆಳಗೋ ಎಂಬುದರಿಂದ ಅಲ್ಲಿಂದಲೇ ಓದು ಆರಂಭಿಸಿದರೆ ಯಾವ ಸ್ವರ ಎಂದು ತಿಳಿಯುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಜಾಣ ಗುರುತು ಬೇರೆಯಿಲ್ಲ. ಅದು ಪಶ್ಚಿಮದಾಚೆ ಹರಡಲಿಲ್ಲ.

1924ರ ಕೈರೋ ಮುದ್ರಣ ಸ್ವಾದ್ ತಲೆಯನ್ನು ಬಳಸಿತು, ಮದೀನಾ ಮುದ್ರಣವೂ ಅದೇ ದಾರಿ ಹಿಡಿದಿದೆ. ಭಾರತದ ಕಲ್ಲಚ್ಚಿನ ಪರಂಪರೆಯಲ್ಲಿ ಆ ಚಿಹ್ನೆಯೇ ಇಲ್ಲ: ಅಲಿಫ್ ಮೇಲೆ ಅ, ಇ, ಉ ಸೂಚಿಸುವ ಝಬರ್, ಝೇರ್, ಪೇಶ್ ಯಾವುದೂ ಇಲ್ಲದಿದ್ದರೆ ಅದನ್ನು ಹಾರಿಸಿ ಓದಬೇಕು. ಕರ್ನಾಟಕದಲ್ಲಿ ಎರಡೂ ಬಗೆಯ ಪ್ರತಿಗಳು ಕೈಗೆ ಸಿಗುತ್ತವೆ. ಬೋಳು ಅಲಿಫ್‌ಗೆ ಒಗ್ಗಿದ ಮಗು ಮದೀನಾ ಪ್ರತಿ ತೆರೆದಾಗ ಸ್ವಾದ್ ತಲೆಯನ್ನು ಯಾವುದೋ ಸ್ವರವೆಂದುಕೊಂಡು ನಿಂತುಬಿಡುತ್ತದೆ.

112ನೇ ಅಧ್ಯಾಯ ಇಖ್ಲಾಸ್‌ನ ಮೊದಲೆರಡು ವಚನಗಳಲ್ಲಿ ಇಡೀ ವಿಷಯ ಕಾಣುತ್ತದೆ. ಮೊದಲನೆಯದು 'ಕುಲ್ ಹುವಲ್ಲಾಹು ಅಹದ್'. 'ಹುವ'ದ ಅ ನೇರವಾಗಿ ಲಕಾರದ ಅಕ್ಷರ ಲಾಮ್‌ಗೆ ತಾಗಬೇಕು. 'ಹುವ ಅಲ್ಲಾಹು' ಎಂದು ನಡುವೆ ಗಂಟಲು ಹಿಡಿದರೆ ತಪ್ಪು. 'ಅಹದ್'ನ ಅಲಿಫ್ ಮಾತ್ರ ಕತ್ಅ್, ಅದನ್ನು ನುಂಗಬಾರದು. ವಚನದ ಕೊನೆಗೆ ಉಸಿರು ನಿಲ್ಲಿಸಿದರೆ ಎರಡನೆಯದು 'ಅಲ್ಲಾಹುಸ್ಸಮದ್' ಎಂದು ಅಕಾರದಿಂದಲೇ ಶುರು. ನಿಲ್ಲಿಸದೆ ಮುಂದುವರಿಸಿದರೆ? ಆಗ 'ಅಹದ್' ತನ್ನ ಪೂರ್ಣರೂಪ 'ಅಹದುನ್'ಗೆ ಮರಳುತ್ತದೆ. ಆದರೆ ಕೊನೆಯ ನೂನ್‌ಗೂ ಸ್ವರವಿಲ್ಲ, ಅಲಿಫ್ ಬಿದ್ದ ಮೇಲೆ ಮುಂದಿನ ಲಾಮ್‌ಗೂ ಇಲ್ಲ. ಇಬ್ಬರು ಮೂಕರ ನಡುವೆ ಮಾತಿಗೊಬ್ಬರು ಬೇಕು, ಹಾಗಾಗಿ ನೂನ್‌ಗೆ ಇಕಾರ ಸೇರುತ್ತದೆ: 'ಅಹದುನಿಲ್ಲಾಹುಸ್ಸಮದ್'. ಭಾರತದ ಮುದ್ರಣದಲ್ಲಿ ಇಂಥ ಕಡೆ ಝೇರ್ ಹಾಕಿದ ಪುಟ್ಟ ನೂನ್ ಅಚ್ಚಾಗಿರುತ್ತದೆ, ಅದಕ್ಕೆ ನೂನ್ ಕುತ್ನಿ ಎನ್ನುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಅಲ್ಲಾಹ್ ಪದದ ಲಾಮ್ ಅ, ಉಗಳ ಬಳಿಕ ದಪ್ಪ, ಇಕಾರದ ಬಳಿಕ ತೆಳು. 'ಹುವಲ್ಲಾಹು'ವಿನಲ್ಲಿ ಬಾಯ್ತುಂಬಿದ ಲಾಮ್ 'ಅಹದುನಿಲ್ಲಾಹು'ವಿನಲ್ಲಿ ತೆಳುವಾಗಲೇಬೇಕು. ಕೂಡಿಸಿ ಓದುವವರಲ್ಲಿ ಹಲವರು ಎಡವುವುದು ಇಲ್ಲೇ.

ಹಿಂದಿನ ಪದ ದೀರ್ಘಸ್ವರದಲ್ಲಿ ಮುಗಿದರೆ ಆ ದೀರ್ಘ ಹ್ರಸ್ವವಾಗುತ್ತದೆ: 'ಫೀ', 'ಅಲ್‌ಅರ್ದ್' ಸೇರಿ 'ಫಿಲ್‌ಅರ್ದ್'. ಬರಹದಲ್ಲಿ 'ಫೀ'ಯ ದೀರ್ಘ ಹಾಗೇ ಇರುವುದರಿಂದ ಕಣ್ಣು ಮೋಸ ಹೋಗಿ ನಾಲಗೆ ಎಳೆಯುತ್ತದೆ.

ಪದ ಯಾವ ಗುಂಪಿನದೆಂದು ಅನುಮಾನವಾದರೆ ಹಿಂದೆ 'ವ' ಸೇರಿಸಿ ನೋಡುವುದು ಹಳೆಯ ಪರೀಕ್ಷೆ. 'ಅಕ್ರಮ' 'ವ ಅಕ್ರಮ' ಆಗಿಯೇ ನಿಲ್ಲುತ್ತದೆ. 'ಇಸ್ತಗ್ಫರ' 'ವಸ್ತಗ್ಫರ' ಆಗುತ್ತದೆ.

ಉಸಿರು ಸಾಲದೆ ವಚನದ ನಡುವೆ ನಿಂತು, ಇಂಥ ಪದದಿಂದ ಮತ್ತೆ ಹೊರಡಬೇಕಾದರೆ ಯಾವ ಸ್ವರ? 'ಅಲ್'ಗೆ ಅ, ಇಸ್ಮ್, ಇಬ್ನ್‌ನಂಥ ನಾಮಪದಗಳಿಗೆ ಇ. ಕ್ರಿಯಾಪದದಲ್ಲಿ ಅಲಿಫ್ ಸೇರಿಸಿ ಎಣಿಸಿದಾಗ ಮೂರನೆಯ ಅಕ್ಷರ ಉಕಾರದ್ದಾದರೆ ಉ, ಇಲ್ಲವಾದರೆ ಇ. 1429ರಲ್ಲಿ ತೀರಿಕೊಂಡ ಇಬ್ನುಲ್ ಜಝರಿ ಇದನ್ನು ಕುರ್‌ಆನ್ ಓದಿನ ನಿಯಮಗಳಾದ ತಜ್ವೀದ್‌ನ ಪದ್ಯದಲ್ಲಿ ಕಟ್ಟಿಕೊಟ್ಟ. ಮದ್ರಸಾಗಳಲ್ಲಿ ಈಗಲೂ ಅದನ್ನು ಬಾಯಿಪಾಠ ಮಾಡಿಸುತ್ತಾರೆ. 'ಉನ್‌ಝುರ್' ಉಕಾರದಿಂದ, 'ಇಝ್‌ಹಬ್' ಇಕಾರದಿಂದ. ಆದರೆ 38:6ರ 'ಇಮ್‌ಶೂ' ನೋಡಿ: ಶೀನ್‌ಗೆ ಉಕಾರ ಇದ್ದರೂ ಆರಂಭ ಇಕಾರವೇ. ಮೂಲರೂಪ 'ಇಮ್‌ಶಿಯೂ', ಈ ಉಕಾರ ಬಹುವಚನದ ಪ್ರತ್ಯಯದಿಂದ ಬಂದದ್ದು. 'ಉಮ್‌ಶೂ' ಎಂದು ಓದಿದವರು ಸೂತ್ರ ಕಲಿತಿದ್ದಾರೆ, ಪದವನ್ನು ಕಲಿತಿಲ್ಲ.

ಕೂಡಿಸುವ ಕಡೆಯೂ ಎಲ್ಲ ಓದಿನ ಪರಂಪರೆಗಳದ್ದು ಒಂದೇ ಪಾಠವಲ್ಲ. 2:173ರಲ್ಲಿ 'ಮನ್' ಮತ್ತು 'ಉದ್ತುರ್ರ' ಸೇರಿದಾಗ ಹಫ್ಸ್ ಪಾಠದಲ್ಲಿ 'ಫಮನಿದ್ತುರ್ರ', ನಾಫಿಅ್ ಪಾಠದಲ್ಲಿ 'ಫಮನುದ್ತುರ್ರ'. ಮೊದಲನೆಯದು ಇಬ್ಬರು ಮೂಕರ ನಡುವೆ ಇಕಾರ ತರುವ ಸಾಮಾನ್ಯ ನಿಯಮ. ಎರಡನೆಯದರಲ್ಲಿ ಮುಂದೆ ಬರುವ ಉಕಾರ ಹಿಂದಕ್ಕೂ ಚಾಚಿದೆ.

49:11ರ 'ಬಿಅ್‌ಸಲಿಸ್ಮು' ಇವೆಲ್ಲದರ ಗಂಟು. ಅದರಲ್ಲಿ 'ಅಲ್' ಮತ್ತು 'ಇಸ್ಮು' ಎರಡರ ಅಲಿಫ್‌ಗಳೂ ಬೀಳುತ್ತವೆ. ಎರಡನೆಯದು ಬಿದ್ದಾಗ ಲಾಮ್, ಸೀನ್ ಎರಡೂ ಮೂಕವಾಗುತ್ತವೆ, ಆದ್ದರಿಂದ ಲಾಮ್‌ಗೆ ಇಕಾರ. ಇಲ್ಲಿ 'ಬಿಅ್‌ಸ' ಓದಿ ನಿಂತವರು ಮುಂದಿನ ಪದದಿಂದ ಹೊರಡುವುದು ಹೇಗೆಂದು ಪರೀಕ್ಷೆಗಳಲ್ಲಿ ಕೇಳುವುದುಂಟು. 'ಅಲಿಸ್ಮು' ಎನ್ನಬಹುದು, ಲಾಮ್‌ಗೆ ಈಗಾಗಲೇ ಸ್ವರ ಬಂದಿರುವುದರಿಂದ ಏಣಿಯೇ ಬೇಡವೆಂದು 'ಲಿಸ್ಮು' ಎಂದೂ ಹೊರಡಬಹುದು. ಎರಡಕ್ಕೂ ಒಪ್ಪಿಗೆ ಇದೆ.